ತೇಲುವ ಬಾತುಕೋಳಿ, ಅರ್ಧ ಬಕೆಟ್ ನೀರು

ವರ್ಷ ತುಂಬಿದ ಮಗುವಿನ ಕೈಗೆ ಪ್ಲಾಸ್ಟಿಕ್ ಲೋಟವೊಂದನ್ನು ಕೊಟ್ಟು ಟಬ್ಬಿನಲ್ಲಿ ಕೂರಿಸಿ ನೋಡಿ. ಮೊದಲು ನೀರು ಮೊಗೆಯುತ್ತದೆ, ಆಮೇಲೆ ಸುರಿಯುತ್ತದೆ, ಮತ್ತೆ ಮೊಗೆಯುತ್ತದೆ. ದೊಡ್ಡವರಿಗೆ ಬೇಸರ ಬಂದರೂ ಮಗುವಿಗೆ ಬರುವುದಿಲ್ಲ. ಲೋಟ ಓರೆ ಮಾಡಿದರೆ ನೀರು ಬೀಳುತ್ತದೆ, ತಳದಲ್ಲಿ ತೂತಿದ್ದರೆ ಸೋರುತ್ತದೆ, ಖಾಲಿ ಡಬ್ಬಿ ತೇಲುತ್ತದೆ, ತುಂಬಿದ ಡಬ್ಬಿ ಮುಳುಗುತ್ತದೆ ಎಂಬುದನ್ನೆಲ್ಲ ಅದು ತನ್ನ ಕೈಯಾರೆ ಕಂಡುಕೊಳ್ಳುತ್ತಿರುತ್ತದೆ.

ಈ ಆಟಕ್ಕೆ ದುಬಾರಿ ಸಾಮಾನು ಬೇಡ. ಒಂದರೊಳಗೊಂದು ಕೂರುವ ಮೂರ್ನಾಲ್ಕು ಲೋಟ, ಸಣ್ಣ ಜರಡಿ, ತೇಲುವ ಒಂದು ದೋಣಿ ಇದ್ದರೆ ಸಾಕು. ಗಮನಿಸಬೇಕಾದ್ದು ಅಳತೆಯನ್ನು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಿಂದ ಬಿಡಿಬಿಡಿಯಾಗಿ ಕಳಚುವ ಚೂರುಗಳು ಇರಬಾರದು. ಇದನ್ನು ಪರೀಕ್ಷಿಸಲು ಪ್ರಯೋಗಾಲಯಗಳಲ್ಲಿ ಸುಮಾರು 3.2 ಸೆಂಟಿಮೀಟರ್ ಅಗಲದ ಸಣ್ಣ ಕೊಳವೆಯೊಂದನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ವಸ್ತು ಮಗುವಿನ ಗಂಟಲಲ್ಲೂ ಸಿಕ್ಕಿಕೊಳ್ಳಬಹುದು. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಸಂತೆ, ಜಾತ್ರೆಯಲ್ಲಿ ಕೊಳ್ಳುವಾಗಲೂ ಆ ಗುರುತನ್ನು ಹುಡುಕುವುದು ಒಳ್ಳೆಯದು. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗೊಂಬೆಗಳು ಮಕ್ಕಳಿಗೆ ಎಷ್ಟೇ ಇಷ್ಟವಾದರೂ ನೀರಿನಲ್ಲಿ ನೆನೆಹಾಕುವಂಥವಲ್ಲ. ನೀರು ಹೀರಿ ಹಿಗ್ಗುವ ಬಣ್ಣದ ಜೆಲ್ಲಿ ಗೋಲಿಗಳಂತೂ ಪುಟ್ಟ ಮಕ್ಕಳಿರುವ ಮನೆಗೇ ಬರಬಾರದು. ನುಂಗಿದರೆ ಅವು ಹೊಟ್ಟೆಯೊಳಗೆ ಊದಿಕೊಂಡು ಕರುಳಿಗೆ ಅಡ್ಡವಾಗುತ್ತವೆ.

ಇನ್ನು ಒತ್ತಿದರೆ ನೀರು ಚಿಮ್ಮಿಸುವ ರಬ್ಬರ್ ಬಾತುಕೋಳಿ. ಸ್ವಿಟ್ಜರ್‌ಲ್ಯಾಂಡಿನ ಜಲಸಂಶೋಧನಾ ಸಂಸ್ಥೆ ಈವಾಗ್ ಮತ್ತು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮನೆಗಳಲ್ಲಿ ಬಳಸಿದ ಇಂಥ ಆಟಿಕೆಗಳನ್ನು ಸೀಳಿ ಪರೀಕ್ಷಿಸಿ, ಫಲಿತಾಂಶವನ್ನು 2018ರಲ್ಲಿ ಪ್ರಕಟಿಸಿದರು. ಒಳಗೋಡೆಯ ತುಂಬ ಸೂಕ್ಷ್ಮಜೀವಿಗಳ ಲೋಳೆಪದರ ಬೆಳೆದಿತ್ತು. ಅರ್ಧಕ್ಕಿಂತ ಹೆಚ್ಚು ಆಟಿಕೆಗಳಲ್ಲಿ ಬೂಷ್ಟೂ ಇತ್ತು. ಮೆತ್ತನೆಯ ಪ್ಲಾಸ್ಟಿಕ್ಕಿನಿಂದ ಬಿಡುಗಡೆಯಾಗುವ ಇಂಗಾಲವೇ ಈ ಜೀವಿಗಳಿಗೆ ಆಹಾರ. ಮಗುವಿನ ಮೈಯಿಂದ ಬರುವ ಕೊಳೆ, ಸೋಪು ಅದಕ್ಕೆ ಸೇರಿಕೊಳ್ಳುತ್ತವೆ. ಒತ್ತಿದಾಗ ಕಂದು ನೀರು ಅಥವಾ ಕಪ್ಪು ಚೂರು ಹೊರಬಂದರೆ ಆ ಬಾತುಕೋಳಿಯನ್ನು ಎಸೆಯಬೇಕು. ಒಳಗೆ ಉಜ್ಜಿ ತೊಳೆಯಲು ದಾರಿಯೇ ಇಲ್ಲ. ಕೊಳ್ಳುವಾಗಲೇ ತೂತಿಲ್ಲದ್ದನ್ನು, ಇಲ್ಲವೇ ಎರಡು ಹೋಳಾಗಿ ಬಿಚ್ಚಿ ಒಣಗಿಸಬಹುದಾದದ್ದನ್ನು ಆರಿಸಿಕೊಂಡರೆ ಈ ತೊಂದರೆಯೇ ಇರುವುದಿಲ್ಲ.

ಬೂಷ್ಟು ಹಿಡಿದ ಆಟಿಕೆಯಿಂದ ಕಾಯಿಲೆ ಬರಬಹುದು. ಆದರೆ ಜೀವಕ್ಕೇ ಅಪಾಯ ತರುವುದು ನೀರು. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ, ಜಗತ್ತಿನಲ್ಲಿ 1ರಿಂದ 4 ವರ್ಷದ ಮಕ್ಕಳ ಸಾವಿನ ಕಾರಣಗಳಲ್ಲಿ ಮುಳುಗುವಿಕೆಗೆ ನಾಲ್ಕನೆಯ ಸ್ಥಾನ. ಕೆರೆ, ಬಾವಿ, ಕಾಲುವೆಗಳಷ್ಟೇ ಅಲ್ಲ, ಬಚ್ಚಲುಮನೆಯ ಬಕೆಟ್ಟೂ ಇಂಥ ಸಾವಿಗೆ ಕಾರಣವಾಗುತ್ತದೆ.

ಅದು ಹೇಗೆಂದು ಲೆಕ್ಕ ಹಾಕಿ ನೋಡಬಹುದು. ಒಂದು ವರ್ಷದ ಮಗುವಿನ ಎತ್ತರ ಸುಮಾರು 75 ಸೆಂಟಿಮೀಟರ್, ತೂಕ ಒಂಬತ್ತು ಹತ್ತು ಕೆ.ಜಿ. ನಮ್ಮ ಮನೆಗಳ 20 ಲೀಟರ್ ಬಕೆಟ್ಟಿನ ಅಂಚು ಸುಮಾರು ಅದರ ಹೊಟ್ಟೆಯ ಮಟ್ಟಕ್ಕೆ ಬರುತ್ತದೆ. ಬಕೆಟ್ಟಿನಲ್ಲಿ ಅರ್ಧ ನೀರಿದೆ, ನೀರಿನ ಮೇಲೆ ಬಾತುಕೋಳಿ ತೇಲುತ್ತಿದೆ. ಅದನ್ನು ಹಿಡಿಯಲು ಮಗು ಅಂಚಿನ ಮೇಲೆ ಬಗ್ಗುತ್ತದೆ. ಈ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ಭಾರ, ಕಾಲು ಗಿಡ್ಡ. ಇನ್ನಷ್ಟು ಬಗ್ಗಿದಾಗ ಪಾದ ನೆಲ ಬಿಡುತ್ತದೆ, ತಲೆ ನೀರಿಗಿಳಿಯುತ್ತದೆ. ಮೈಯನ್ನು ಮೇಲೆತ್ತುವಷ್ಟು ಬಲ ಆ ಎಳೆಯ ತೋಳುಗಳಲ್ಲಿ ಇರುವುದಿಲ್ಲ. ಬಕೆಟ್ ಉರುಳಿಬಿದ್ದಿದ್ದರೆ ಮಗು ಉಳಿಯುತ್ತಿತ್ತು. ಆದರೆ ಅರ್ಧ ಬಕೆಟ್ ನೀರು ಹತ್ತು ಕೆ.ಜಿ., ಹೆಚ್ಚುಕಡಿಮೆ ಮಗುವಿನಷ್ಟೇ ತೂಕ. ಹಾಗಾಗಿ ಬಕೆಟ್ ಅಲುಗಾಡದೆ ನಿಂತುಬಿಡುತ್ತದೆ. ತಲೆ ಮುಳುಗಿದ ಮಗು ಕಿರುಚಲಾರದು, ಪಕ್ಕದ ಕೋಣೆಗೆ ಸದ್ದೇ ಕೇಳಿಸುವುದಿಲ್ಲ.

ಆದ್ದರಿಂದ ನೀರಾಟದಲ್ಲಿ ಮರೆಯಬಾರದ ಹೊತ್ತು ಆಟ ಮುಗಿದ ಮೇಲಿನದು. ಮಗುವನ್ನು ಒರೆಸಿ ಬಟ್ಟೆ ಹಾಕುವಷ್ಟರಲ್ಲಿ ಟಬ್ಬಿನ ನೀರು ಹಾಗೇ ಉಳಿದಿರುತ್ತದೆ, ಆಟಿಕೆಗಳು ಅದರಲ್ಲಿ ತೇಲುತ್ತಿರುತ್ತವೆ. ನಡೆಯಲು ಕಲಿತ ಮಗುವಿಗೆ ಅದಕ್ಕಿಂತ ದೊಡ್ಡ ಆಹ್ವಾನ ಬೇಕಿಲ್ಲ. ನೀರು ಚೆಲ್ಲಬೇಕು, ಟಬ್ಬು ಬಕೆಟ್ಟುಗಳನ್ನು ಕವುಚಿ ಹಾಕಬೇಕು, ಆಟಿಕೆಗಳನ್ನು ಬಲೆಯ ಚೀಲದಲ್ಲಿ ಮಗುವಿನ ಕೈಗೆಟುಕದಂತೆ ತೂಗುಹಾಕಬೇಕು. ಹಾಗೆ ತೂಗಿದರೆ ಅವು ಒಣಗುತ್ತವೆ, ಬೂಷ್ಟೂ ಹಿಡಿಯುವುದಿಲ್ಲ. ನಲ್ಲಿ ದಿನ ಬಿಟ್ಟು ದಿನ ಬರುವ ಊರುಗಳಲ್ಲಿ ನೀರು ಚೆಲ್ಲುವುದು ಕಷ್ಟವೇ. ಅಲ್ಲಿ ಡ್ರಮ್ಮಿಗೆ ಮಗು ತೆಗೆಯಲಾಗದ ಬಿಗಿಯಾದ ಮುಚ್ಚಳ, ಬಚ್ಚಲುಮನೆಯ ಬಾಗಿಲಿಗೆ ಹೊರಗಿನಿಂದ ಎತ್ತರದ ಚಿಲಕ, ಅಂಗಳದ ಸಂಪಿಗೆ ಬೀಗ ಇರಲೇಬೇಕು.

ಆಟದ ಹೊತ್ತಿಗೆ ನೀರು ಎಷ್ಟಿರಬೇಕು? ಕುಳಿತ ಮಗುವಿನ ಸೊಂಟ ದಾಟದಷ್ಟು. ಅಂದರೆ 5ರಿಂದ 10 ಸೆಂಟಿಮೀಟರ್, ಹೆಚ್ಚೆಂದರೆ ದೊಡ್ಡವರ ಅಂಗೈ ಅಗಲ. ನೀರು ತುಂಬಿಸಿ, ನಲ್ಲಿ ನಿಲ್ಲಿಸಿ, ಮೊಣಕೈ ಅದ್ದಿ ಬಿಸಿ ನೋಡಿದ ಮೇಲೆಯೇ ಮಗುವನ್ನು ಇಳಿಸಬೇಕು. ಮೈಯಷ್ಟೇ ಬೆಚ್ಚಗಿದ್ದರೆ, ಎಂದರೆ 37 ಡಿಗ್ರಿಯ ಆಸುಪಾಸಿನಲ್ಲಿದ್ದರೆ, ಸಾಕು. ಹಂಡೆ ಅಥವಾ ಗೀಸರಿನಿಂದ ಬರುವ 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಎಳೆಯ ಚರ್ಮವನ್ನು ಆಳವಾಗಿ ಸುಡುತ್ತದೆ.

ನೀರು ಕಡಿಮೆಯಿದೆ ಎಂದು ಎದ್ದುಹೋಗುವಂತಿಲ್ಲ. ಮೂಗು ಬಾಯಿ ಮುಚ್ಚುವಷ್ಟು, ಎರಡು ಬೆರಳಗಲದ ನೀರಿನಲ್ಲೂ ಮಗು ಮುಳುಗಬಲ್ಲದು. ಮಕ್ಕಳ ವೈದ್ಯರು ಹೇಳುವ ನಿಯಮ ನೇರವಾಗಿದೆ: ಮಗು ನೀರಿನಲ್ಲಿ ಅಥವಾ ನೀರಿನ ಹತ್ತಿರ ಇರುವಷ್ಟು ಹೊತ್ತೂ ದೊಡ್ಡವರೊಬ್ಬರು ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ಕುಳಿತಿರಬೇಕು. ಟವೆಲ್, ಸೋಪು, ಬಟ್ಟೆ ಎಲ್ಲವನ್ನೂ ಮೊದಲೇ ಪಕ್ಕದಲ್ಲಿ ಜೋಡಿಸಿಕೊಳ್ಳಬೇಕು. ಫೋನನ್ನು ಹೊರಗೇ ಇಡಬೇಕು. ಬಾಗಿಲು ಬಡಿದ ಸದ್ದಾದರೆ ಮಗುವನ್ನು ಎತ್ತಿಕೊಂಡೇ ಹೋಗಬೇಕು. ಐದಾರು ವರ್ಷದ ಅಕ್ಕನನ್ನೋ ಅಣ್ಣನನ್ನೋ ಕಾವಲಿಗೆ ಕೂರಿಸುವುದು ಕಾವಲಲ್ಲ.

ಕೆಲವು ಸಾಮಾನುಗಳು ಈ ಎಚ್ಚರವನ್ನೇ ಕಸಿದುಕೊಳ್ಳುತ್ತವೆ. ಟಬ್ಬಿನ ತಳಕ್ಕೆ ರಬ್ಬರ್ ಬಿಲ್ಲೆಗಳಿಂದ ಅಂಟಿಕೊಳ್ಳುವ ಸ್ನಾನದ ಕುರ್ಚಿ ಅಂಥದ್ದು. ಬಿಲ್ಲೆಯ ಹಿಡಿತ ಸಡಿಲವಾದರೆ ಕುರ್ಚಿ ಮಗುವಿನ ಸಮೇತ ಮಗುಚುತ್ತದೆ. ಕುತ್ತಿಗೆಗೆ ಹಾಕುವ ಗಾಳಿ ಬಳೆ ಇನ್ನೊಂದು. ವಿಶೇಷ ಅಗತ್ಯವಿರುವ ಶಿಶುಗಳ ನೀರಿನ ಚಿಕಿತ್ಸೆಗೆ ಇದನ್ನು ಬಳಸಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2022ರಲ್ಲಿ ಎಚ್ಚರಿಸಿತು. ಆ ಬಳೆ ಹಾಕಿದ್ದ ಒಂದು ಮಗು ಸತ್ತಿತ್ತು. ಇವೆರಡೂ ಜೀವರಕ್ಷಕಗಳಲ್ಲ.

ಒಂದು ವೇಳೆ ಮಗು ಮುಳುಗಿದ್ದು ಕಂಡರೆ ತಕ್ಷಣ ಹೊರಗೆತ್ತಿ, ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಬೇಕು. ಉಸಿರಾಡದಿದ್ದರೆ ಮೊದಲು ಬಾಯಿಯಿಂದ ಉಸಿರು ಕೊಟ್ಟು, ನಂತರ ಎದೆ ಒತ್ತಬೇಕು. ತಲೆಕೆಳಗಾಗಿ ಹಿಡಿಯುವುದು, ಹೊಟ್ಟೆ ಅದುಮಿ ನೀರು ಕಕ್ಕಿಸುವುದು ಬೇಡ. ಅದರಿಂದ ಅಮೂಲ್ಯ ನಿಮಿಷಗಳು ಹಾಳಾಗುತ್ತವೆ. ಕೃತಕ ಉಸಿರಾಟ ಕೊಡುವ ಕ್ರಮವನ್ನು ಮಗುವಿನ ಲಸಿಕೆಗೆ ಹೋದಾಗ ವೈದ್ಯರಿಂದಲೋ ದಾದಿಯರಿಂದಲೋ ಕೇಳಿ ಕಲಿತುಕೊಳ್ಳಿ. ಅಪ್ಪ ಅಮ್ಮ ಮಾತ್ರವಲ್ಲ, ಮಗುವಿಗೆ ಸ್ನಾನ ಮಾಡಿಸುವ ಅಜ್ಜಿ, ಅತ್ತೆ, ಮನೆಗೆಲಸದವರು, ಎಲ್ಲರಿಗೂ ಈ ನಿಯಮಗಳನ್ನು ಇಂದೇ ತಿಳಿಸಿ.