ಹತ್ತು ಸಾವಿರ ಬಿಂದುಗಳ ಹೊರಗೆರೆ

1960ರ ದಶಕದ ಕೊನೆ. ಅಮೆರಿಕದ ಬೆಲ್ ಪ್ರಯೋಗಾಲಯದ ಒಂದು ಕೆಲಸಕ್ಕೆ ಸುಮಾರು 10,000 ಬಿಂದುಗಳ ಕಾನ್ವೆಕ್ಸ್ ಹಲ್ ಬೇಕಾಗಿತ್ತು. ಹಲಗೆಯ ಮೇಲೆ ಅಲ್ಲಲ್ಲಿ ಮೊಳೆ ಹೊಡೆದು, ಎಲ್ಲವನ್ನೂ ಒಳಗೊಳ್ಳುವಂತೆ ರಬ್ಬರ್ ಬ್ಯಾಂಡ್ ಎಳೆದು ಬಿಟ್ಟರೆ ಅದು ಯಾವ ಆಕಾರಕ್ಕೆ ಬಿಗಿಯುತ್ತದೋ ಅದೇ ಕಾನ್ವೆಕ್ಸ್ ಹಲ್. ಅದನ್ನು ಇಲ್ಲಿ ಹೊರಗೆರೆ ಎನ್ನೋಣ. ಹತ್ತಿಪ್ಪತ್ತು ಬಿಂದುಗಳಿದ್ದರೆ ಕಣ್ಣೇ ಅದನ್ನು ಗುರುತಿಸುತ್ತದೆ. ಕಂಪ್ಯೂಟರಿಗೆ ಕಣ್ಣಿಲ್ಲ, ಅದಕ್ಕೆ ಸಿಗುವುದು ಅಂಕಿಗಳ ಜೋಡಿಗಳು ಮಾತ್ರ. ಆಗ ಬಳಕೆಯಲ್ಲಿದ್ದ ವಿಧಾನದ ಕೆಲಸ ಬಿಂದುಗಳ ಸಂಖ್ಯೆಯ ವರ್ಗದಂತೆ ಬೆಳೆಯುತ್ತಿತ್ತು. 10,000ದ ವರ್ಗ ಹತ್ತು ಕೋಟಿ. ಅಂದಿನ ಯಂತ್ರಗಳಿಗೆ ಅದು ತೀರಾ ನಿಧಾನ.

ಅಲ್ಲಿದ್ದ ಗಣಿತಜ್ಞ ರೊನಾಲ್ಡ್ ಗ್ರಹಾಂ 1972ರಲ್ಲಿ ಇದಕ್ಕೆ ಉತ್ತರ ಪ್ರಕಟಿಸಿದರು. ಲೇಖನ ಇದ್ದದ್ದು ಎರಡೇ ಪುಟ. ಬಿಂದುಗಳನ್ನು ಸಿಕ್ಕಸಿಕ್ಕ ಕ್ರಮದಲ್ಲಿ ನೋಡಬೇಡಿ, ಮೊದಲು ಸಾಲಾಗಿ ಜೋಡಿಸಿಕೊಳ್ಳಿ ಎಂಬುದು ಅವರ ಸೂತ್ರ. ಒಳಗಿನ ಒಂದು ಬಿಂದುವಿನಿಂದ ನೋಡಿದಾಗ ಉಳಿದವು ಯಾವ ಕೋನದಲ್ಲಿ ಕಾಣುತ್ತವೋ ಆ ಕ್ರಮದಲ್ಲಿ ಜೋಡಿಸಿ, ಒಂದು ಸುತ್ತು ಬಂದು, ಒಳಕ್ಕೆ ತಗ್ಗಿದವನ್ನು ಕೈಬಿಡುವುದು. 1979ರಲ್ಲಿ ಎ. ಎಂ. ಆಂಡ್ರ್ಯೂ ಇದನ್ನು ಇನ್ನಷ್ಟು ಹಗುರ ಮಾಡಿದರು. ಕೋನವೂ ಬೇಡ, ನಡುವಿನ ಬಿಂದುವೂ ಬೇಡ, ಎಡದಿಂದ ಬಲಕ್ಕೆ, ಅಂದರೆ x ಬೆಲೆಯ ಏರಿಕೆಯಲ್ಲಿ ಜೋಡಿಸಿದರೆ ಸಾಕು. ಒಂದು ಲಂಬರೇಖೆ ಎಡ ಅಂಚಿನಿಂದ ಬಲಕ್ಕೆ ಸರಿಯುತ್ತ ಒಂದೊಂದೇ ಬಿಂದುವನ್ನು ಮುಟ್ಟುತ್ತ ಹೋದಂತೆ. ಒಂದು ಸಲ ಸರಿದಾಗ ಹೊರಗೆರೆಯ ಕೆಳಭಾಗ ಸಿಗುತ್ತದೆ, ಬಲದಿಂದ ಎಡಕ್ಕೆ ಮರಳುವಾಗ ಮೇಲ್ಭಾಗ. ನನಗೆ ಆಂಡ್ರ್ಯೂ ಅವರ ದಾರಿಯೇ ಹೆಚ್ಚು ಇಷ್ಟ, ಏಕೆಂದರೆ ಅಲ್ಲಿ ಕೂಡು, ಕಳೆ, ಗುಣಿಸುಗಳ ಆಚೆಗೆ ಏನೂ ಇಲ್ಲ.

ಇಡೀ ವಿಧಾನ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: p ಯಿಂದ q ಗೆ ಹೋಗಿ, ಅಲ್ಲಿಂದ r ಕಡೆಗೆ ಹೊರಟರೆ ತಿರುವು ಎಡಕ್ಕೋ ಬಲಕ್ಕೋ? ಉತ್ತರ ಹೇಳುವುದು ಈ ಲೆಕ್ಕದ ಚಿಹ್ನೆ:

```python
def turn(p, q, r):
    return (q[0]-p[0])*(r[1]-p[1]) - (q[1]-p[1])*(r[0]-p[0])

def lower(pts):
    s = []
    for r in sorted(pts):
        while len(s) >= 2 and turn(s[-2], s[-1], r) <= 0:
            s.pop()
        s.append(r)
    return s
```

ಧನ ಬಂದರೆ ಎಡತಿರುವು, ಋಣ ಬಂದರೆ ಬಲತಿರುವು, ಸೊನ್ನೆಯಾದರೆ ಮೂರೂ ಒಂದೇ ಗೆರೆಯ ಮೇಲಿವೆ. ಎಡದಿಂದ ಬಲಕ್ಕೆ ಸಾಗುವಾಗ ಕೆಳಗಿನ ಅಂಚು ಸದಾ ಎಡಕ್ಕೇ ತಿರುಗುತ್ತಿರಬೇಕು. ಹಾಗಾಗದಿದ್ದರೆ ನಡುವಿನ ಬಿಂದು ಅಂಚಿನದಲ್ಲ.

ಏಳು ಬಿಂದುಗಳನ್ನು ಇಟ್ಟುಕೊಂಡು ನೋಡೋಣ. ಜೋಡಿಸಿದ ಮೇಲೆ ಅವು ಹೀಗಿವೆ: ಅ (0,7), ಆ (1,5), ಇ (3,3), ಈ (4,8), ಉ (5,2), ಊ (6,0), ಎ (8,4). ಮೊದಲು ಅ, ಆ ಎರಡನ್ನೂ ಪಟ್ಟಿಗೆ ಹಾಕುತ್ತೇವೆ. ಇ ಬಂದಾಗ ಎಡತಿರುವು, ಸೇರಿತು. ಈ ತುಂಬಾ ಎತ್ತರದಲ್ಲಿದ್ದರೂ ತಿರುವು ಎಡಕ್ಕೇ ಇರುವುದರಿಂದ ಸದ್ಯಕ್ಕೆ ಅದೂ ಸೇರುತ್ತದೆ. ಅದು ಕೆಳ ಅಂಚಿನದಲ್ಲ ಎಂದು ತಿಳಿಯುವುದು ಉ ಬಂದ ಮೇಲೆ: ಇ, ಈ, ಉ ಲೆಕ್ಕ −11, ಬಲತಿರುವು. ಈ ಹೊರಬಿತ್ತು. ಈಗ ಆ, ಇ, ಉ ನೋಡಿದರೆ 2, ಎಡತಿರುವು, ಉ ಸೇರಿತು.

ಮುಂದಿನದು ಊ, ಎಲ್ಲಕ್ಕಿಂತ ಕೆಳಗಿರುವ ಬಿಂದು. ಇ, ಉ, ಊ ಲೆಕ್ಕ −3, ಆದ್ದರಿಂದ ಉ ಹೊರಕ್ಕೆ. ಅಲ್ಲಿಗೆ ನಿಲ್ಲಿಸುವಂತಿಲ್ಲ, ಅದರ ಹಿಂದಿನದನ್ನೂ ಪರೀಕ್ಷಿಸಬೇಕು. ಆ, ಇ, ಊ ಲೆಕ್ಕ ಸೊನ್ನೆ. ಇ ನೇರ ಗೆರೆಯ ನಡುವೆ ಕೂತಿದೆ, ಮೂಲೆಯಲ್ಲ, ಅದೂ ಹೋಯಿತು. ಅ, ಆ, ಊ ಲೆಕ್ಕ 5. ಇಲ್ಲಿಗೆ ಹಿಂಜರಿತ ನಿಂತಿತು. ಕೊನೆಗೆ ಎ ಸಲೀಸಾಗಿ ಸೇರಿ, ಕೆಳ ಅಂಚು ಅ, ಆ, ಊ, ಎ ಎಂದಾಯಿತು. ಬಲದಿಂದ ಎಡಕ್ಕೆ ಇದೇ ಕ್ರಮದಲ್ಲಿ ಮರಳಿದರೆ ಎ, ಈ, ಅ ಉಳಿಯುತ್ತವೆ. ಎರಡನ್ನೂ ಸೇರಿಸಿದರೆ ಐದು ಮೂಲೆಗಳ ಆಕೃತಿ.

ಓಟದ ಸಮಯದ ಪ್ರಶ್ನೆ ಹುಟ್ಟುವುದು ಊ ಬಂದ ಆ ಗಳಿಗೆಯಲ್ಲಿ. ಒಂದು ಬಿಂದುವಿಗಾಗಿ ಎಷ್ಟು ದೂರ ಬೇಕಾದರೂ ಹಿಂದೆ ಹೋಗಬೇಕಾಗಬಹುದು. ಪ್ರತಿ ಬಿಂದುವೂ ಹೀಗೇ ಹಿಂದಕ್ಕೆ ಎಳೆದರೆ ಮತ್ತೆ ವರ್ಗದ ಲೆಕ್ಕಕ್ಕೇ ಬಂದು ಬೀಳುವುದಿಲ್ಲವೇ? ಇಲ್ಲ. ಬಿಂದು ಬಿಂದುವಿಗೆ ಲೆಕ್ಕ ಹಾಕುವ ಬದಲು ಇಡೀ ಸುತ್ತಿನ ಲೆಕ್ಕ ಹಾಕಿದರೆ ಕಾರಣ ಕಾಣುತ್ತದೆ. ಪ್ರತಿ ಪರೀಕ್ಷೆಗೂ ಎರಡೇ ಫಲ: ಒಂದು ಬಿಂದು ಹೊರಬೀಳುತ್ತದೆ, ಇಲ್ಲವೇ ಹೊಸ ಬಿಂದು ಒಳಸೇರುತ್ತದೆ. ಒಂದು ಸರಿತದಲ್ಲಿ ಯಾವ ಬಿಂದುವೂ ಒಂದಕ್ಕಿಂತ ಹೆಚ್ಚು ಸಲ ಸೇರುವುದಿಲ್ಲ, ಸೇರದೆ ಹೊರಬೀಳುವುದಿಲ್ಲ, ಹೊರಬಿದ್ದದ್ದು ಮರಳುವುದಿಲ್ಲ. ಹಾಗಾಗಿ n ಬಿಂದುಗಳಿಗೆ ಪರೀಕ್ಷೆಗಳು 2n ಮೀರುವಂತೆಯೇ ಇಲ್ಲ. ನಮ್ಮ ಕೆಳ ಅಂಚಿಗೆ ತಗುಲಿದ್ದು ಎಂಟು ಪರೀಕ್ಷೆ: ಐದು ಸೇರ್ಪಡೆ, ಮೂರು ವಜಾ. ಊ ಮೂರು ಪರೀಕ್ಷೆ ಕೇಳಿತು ನಿಜ, ಆದರೆ ಅದು ತೆಗೆದುಹಾಕಿದ ಎರಡು ಬಿಂದುಗಳು ಆ ಸರಿತದಲ್ಲಿ ಇನ್ನು ಯಾರ ಸಮಯವನ್ನೂ ತಿನ್ನುವುದಿಲ್ಲ.

ಹೀಗೆ ಸರಿತದ ಖರ್ಚು n ಜೊತೆಗೆ ನೇರವಾಗಿ ಬೆಳೆಯುತ್ತದೆ. ನಿಜವಾದ ಖರ್ಚು ಜೋಡಣೆಯದು, ಅದು O(n log n). 10,000 ಬಿಂದುಗಳಿಗೆ ಸುಮಾರು 1,33,000 ಹೋಲಿಕೆಗಳು. ಹತ್ತು ಕೋಟಿ ಇಳಿದದ್ದು ಅಷ್ಟಕ್ಕೆ. ಬಿಂದುಗಳು ಮೊದಲೇ x ಕ್ರಮದಲ್ಲಿ ಸಿಕ್ಕಿದರೆ ಆ ಖರ್ಚೂ ಇಲ್ಲ.

ಹಾಗಾದರೆ ಜೋಡಣೆಯನ್ನೇ ಬಿಟ್ಟುಬಿಡಬಹುದೇ? 1973ರಲ್ಲಿ ಆಸ್ಟ್ರೇಲಿಯಾದ ಆರ್. ಎ. ಜಾರ್ವಿಸ್ ಬಿಟ್ಟೇ ತೋರಿಸಿದರು. ಒಂದು ಮೂಲೆಯಿಂದ ಮುಂದಿನ ಮೂಲೆಯನ್ನು ಎಲ್ಲ ಬಿಂದುಗಳ ನಡುವೆ ಹುಡುಕುತ್ತ ಹೋಗುವ ಆ ವಿಧಾನದ ಖರ್ಚು, ಬಿಂದುಗಳ ಸಂಖ್ಯೆಯನ್ನು ಮೂಲೆಗಳ ಸಂಖ್ಯೆಯಿಂದ ಗುಣಿಸಿದಷ್ಟು. ಮೂಲೆಗಳು ಬೆರಳೆಣಿಕೆಯಷ್ಟಿದ್ದರೆ ಅದೇ ಗೆಲ್ಲುತ್ತದೆ. ಹತ್ತು ಸಾವಿರವೂ ಒಂದು ವೃತ್ತದ ಮೇಲಿದ್ದರೆ ಹತ್ತು ಕೋಟಿ ಮರಳಿ ಬರುತ್ತದೆ. ಯಾವ ಬಿಂದುಗಳನ್ನು ಕೊಟ್ಟರೂ n log n ಗಿಂತ ಬೇಗ ಮುಗಿಸುವ ಸಾಮಾನ್ಯ ವಿಧಾನ ಇಲ್ಲ ಎನ್ನುವುದಕ್ಕೆ ಒಂದು ಸೊಗಸಾದ ವಾದವಿದೆ. ಜೋಡಿಸಬೇಕಾದ ಯಾವುದೇ ಸಂಖ್ಯೆಗಳನ್ನು ತೆಗೆದುಕೊಳ್ಳಿ, ಪ್ರತಿ x ಗೂ (x, x²) ಎಂಬ ಬಿಂದು ಇಡಿ. ಎಲ್ಲವೂ ಒಂದು ಪರವಲಯದ ಮೇಲೆ ಬೀಳುತ್ತವೆ, ಎಲ್ಲವೂ ಮೂಲೆಗಳೇ. ಹೊರಗೆರೆಯ ಮೇಲೆ ನಡೆದರೆ ಸಂಖ್ಯೆಗಳು ಜೋಡಣೆಯಾಗಿಯೇ ಸಿಗುತ್ತವೆ. ಹೊರಗೆರೆ n log n ಗಿಂತ ಅಗ್ಗವಾಗಿ ಸಿಗುವಂತಿದ್ದರೆ ಜೋಡಣೆಯೂ ಅಗ್ಗವಾಗುತ್ತಿತ್ತು. ಹೋಲಿಕೆಗಳ ಮೂಲಕ ಜೋಡಿಸುವಲ್ಲಿ ಅದು ಸಾಧ್ಯವಿಲ್ಲವೆಂದು ಸಾಬೀತಾಗಿದೆ.

ಕಾಗದದ ಮೇಲೆ ಇಷ್ಟು ಗಟ್ಟಿಯಾದ ವಿಧಾನ ಯಂತ್ರದಲ್ಲಿ ಎಡವುವುದು ದಶಮಾಂಶಗಳಲ್ಲಿ. (0,0), (0.1,0.3), (0.3,0.9) ಮೂರೂ ಒಂದೇ ಗೆರೆಯ ಮೇಲಿವೆ. ಮೇಲಿನ ಕೋಡಿಗೆ ಕೊಟ್ಟರೆ ಮಾತ್ರ ಸೊನ್ನೆಯ ಬದಲು `1.3877787807814457e-17` ಬರುತ್ತದೆ. 0.1, 0.3, 0.9 ಯಾವುವೂ ದ್ವಿಮಾನದಲ್ಲಿ ಪೂರ್ತಿ ಕೂರುವುದಿಲ್ಲ. ಉಳಿದ ಚೂರು ಎಡತಿರುವಿನ ವೇಷ ಹಾಕಿ, ನಡುವಿನ ಬಿಂದು ಮೂಲೆಯಾಗಿ ಉಳಿದುಬಿಡುತ್ತದೆ. ನೇರವಾಗಿರಬೇಕಾದ ಅಂಚಿನಲ್ಲಿ ಹೆಚ್ಚುವರಿ ಮೂಲೆ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ನಿರ್ದೇಶಾಂಕಗಳನ್ನು ಪೂರ್ಣಾಂಕಗಳಾಗಿ ಇಟ್ಟುಕೊಳ್ಳುವುದು ಸರಳ ಮದ್ದು, ಆದರೆ 32 ಬಿಟ್‌ನ ಪೂರ್ಣಾಂಕವಾದರೆ ವ್ಯತ್ಯಾಸಗಳು 46,340 ದಾಟಿದಾಗ ಗುಣಲಬ್ಧವೇ ತುಂಬಿ ಹರಿಯಬಹುದು. ದಶಮಾಂಶ ಬಿಡಲಾಗದವರಿಗೆ 1997ರಲ್ಲಿ ಜೊನಾಥನ್ ಶೆವ್ಚುಕ್ ಪ್ರಕಟಿಸಿದ ದಾರಿಯಿದೆ: ಉತ್ತರ ಸೊನ್ನೆಯಿಂದ ಸಾಕಷ್ಟು ದೂರವಿದ್ದರೆ ಮಾಮೂಲಿ ಗುಣಾಕಾರವನ್ನೇ ನಂಬುವುದು, ತೀರಾ ಹತ್ತಿರವಿದ್ದರೆ ಮಾತ್ರ ಚಿಹ್ನೆ ಖಚಿತವಾಗುವವರೆಗೆ ಲೆಕ್ಕದ ನಿಖರತೆಯನ್ನು ಹಂತ ಹಂತವಾಗಿ ಹೆಚ್ಚಿಸುವುದು.