ಏಳು ದಿನ ಮೂರು ದಿನವಾದಾಗ

ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವವರು ನಾವು. ಮೊಬೈಲಿನ ಆ್ಯಪ್ ಎರಡೂ ಭಾಷೆಯಲ್ಲಿ ಬಂದರೆ ನಮಗೆ ಸಂತೋಷವೇ. ಆದರೆ ಆ ಎರಡೂ ಒಂದೇ ಮಾತನ್ನು ಹೇಳುತ್ತಿವೆಯೇ? ಅದನ್ನು ಬಿಡುಗಡೆಗೆ ಮುಂಚೆ ನೋಡಿಕೊಳ್ಳುವುದು ಹೇಗೆಂದು ಇಂದು ತಿಳಿಯೋಣ.

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಇಚಲಕರಂಜಿಯ ವಿದ್ಯುತ್ ಮಗ್ಗದವರಿಗಾಗಿ ಸಾಲದ ಕಂತು ಕಟ್ಟುವ ಆ್ಯಪ್ ಸಿದ್ಧವಾಗುತ್ತಿದೆ. ಭಾಷೆಗಳು ಕನ್ನಡ, ಮರಾಠಿ, ಹಿಂದಿ. ಪರದೆಯ ಮೇಲೆ ಕಾಣುವ ಸಾಲುಗಳು ಒಟ್ಟು 220. ಕನ್ನಡ ಅನುವಾದಕರು ಗಡಹಿಂಗ್ಲಜದಲ್ಲಿದ್ದಾರೆ, ಪರಿಶೀಲಕರು ಕೊಲ್ಹಾಪುರದಲ್ಲಿದ್ದಾರೆ. ಪ್ರತಿ ಸಾಲಿನ ಮೂಲ ಇಂಗ್ಲಿಷು ಒಂದು ಕಡತದಲ್ಲಿರುತ್ತದೆ, ಅದರ ಕೆಳಗೆ ಕನ್ನಡ ಬರೆಯುತ್ತಾರೆ. ಗೆಟ್‌ಟೆಕ್ಸ್ಟ್ ಎಂಬ ಹಳೆಯ, ಮುಕ್ತ ತಂತ್ರಾಂಶದ ಪದ್ಧತಿಯಿದು.

ಎಲ್ಲವೂ ಮುಗಿದ ಮೇಲೆ ಇಂಗ್ಲಿಷಿನ ನಾಲ್ಕು ಸಾಲುಗಳು ಬದಲಾದವು ಎನ್ನಿ. ಮೂರರಲ್ಲಿ ಅಲ್ಪವಿರಾಮದಂಥ ಸಣ್ಣ ತಿದ್ದುಪಡಿ. ನಾಲ್ಕನೆಯದರಲ್ಲಿ ಕಂತು ಕಟ್ಟುವ ಗಡುವು 7 ದಿನದಿಂದ 3 ದಿನಕ್ಕೆ ಇಳಿಯಿತು. ಹೊಸ ಮೂಲವನ್ನು ಹಳೆಯ ಕಡತಕ್ಕೆ ಹೊಂದಿಸಿದಾಗ ಆ ಸಾಲು ಹೀಗೆ ಕಾಣುತ್ತದೆ:

```
#, fuzzy, c-format
#| msgid "Pay %s within 7 days"
msgid "Pay %s within 3 days"
msgstr "%s ಮೊತ್ತವನ್ನು 7 ದಿನದೊಳಗೆ ಕಟ್ಟಿ"
```

`fuzzy` ಎಂದರೆ ಸಂಶಯದ ಗುರುತು. ಮೂಲ ಬದಲಾಗಿದೆ, ಅನುವಾದ ಹಳೆಯದೇ ಇದೆ, ಒಮ್ಮೆ ನೋಡಿ ಎಂದು ಅದು ಹೇಳುತ್ತದೆ. ಗುರುತು ಇರುವವರೆಗೆ ಆ ಕನ್ನಡ ಸಾಲು ಆ್ಯಪಿನೊಳಗೆ ಹೋಗುವುದಿಲ್ಲ, ಅದರ ಬದಲು ಇಂಗ್ಲಿಷೇ ಕಾಣುತ್ತದೆ. ಲೆಕ್ಕ ಕೇಳಲು ಒಂದು ಆಜ್ಞೆಯಿದೆ:

```
msgfmt -c --statistics kn.po
216 translated messages, 4 fuzzy translations.
```

ಬಿಡುಗಡೆ ನಾಳೆ. ಅವಸರದಲ್ಲಿ ಅನುವಾದಕರು ಮೊದಲ ಮೂರು ಸಾಲು ನೋಡುತ್ತಾರೆ, ಅರ್ಥ ಬದಲಾಗಿಲ್ಲ. ನಾಲ್ಕನೆಯದೂ ಹಾಗೆಯೇ ಇರಬೇಕೆಂದು ನಾಲ್ಕೂ ಗುರುತುಗಳನ್ನು ಅಳಿಸಿಬಿಡುತ್ತಾರೆ. ಈಗ ಲೆಕ್ಕ 220ಕ್ಕೆ 220. ಹಣದ ಮೊತ್ತ ಬರುವ `%s` ಬಿಟ್ಟುಹೋಗಿದ್ದರೆ ಯಂತ್ರ ದೂರುತ್ತಿತ್ತು. 7 ಮತ್ತು 3ರ ವ್ಯತ್ಯಾಸ ಅದಕ್ಕೆ ತಿಳಿಯದು. ಮರಾಠಿಯಲ್ಲಿ ಓದಿದ ನೇಕಾರ ಮೂರನೆಯ ದಿನ ಕಟ್ಟುತ್ತಾನೆ. ಕನ್ನಡದಲ್ಲಿ ಓದಿದ ಅವನ ನೆರೆಯವನು ಏಳನೆಯ ದಿನ ಹೋಗಿ ದಂಡ ತೆರುತ್ತಾನೆ.

ಇದನ್ನು ಹಿಡಿಯುವುದು ಶೇಕಡಾ ಲೆಕ್ಕವಲ್ಲ, ವಹಿ. ಪ್ರತಿ ಸಾಲಿಗೂ, ಪ್ರತಿ ಭಾಷೆಗೂ ಮೂರು ತಾರೀಖು ಬರೆದಿಡಬೇಕು: ಮೂಲ ಕೊನೆಗೆ ಬದಲಾದದ್ದು, ಅನುವಾದವಾದದ್ದು, ಬೇರೊಬ್ಬರು ಪರಿಶೀಲಿಸಿದ್ದು. ಪರಿಶೀಲನೆಯ ತಾರೀಖು ಮೂಲದ ತಾರೀಖಿಗಿಂತ ಹಿಂದಿನದಾದರೆ ಆ ಸಾಲು ಪಾಸಾಗಿಲ್ಲ, ಅನುವಾದಕರು ಏನೇ ಹೇಳಲಿ. ಹೀಗೆ ಮಾಡಿದರೆ ಕೊಲ್ಹಾಪುರದ ಪರಿಶೀಲಕರು 220 ಸಾಲನ್ನೂ ಮತ್ತೆ ಓದಬೇಕಾಗಿಲ್ಲ. ವಹಿ ತೋರಿಸುವ ನಾಲ್ಕನ್ನೇ ಮೂಲದೊಡನೆ ಹೋಲಿಸಿ ಓದಿದರೆ 7 ಕಣ್ಣಿಗೆ ಬೀಳುತ್ತದೆ.

ಗ್ನೋಮ್ ಎಂಬ ಮುಕ್ತ ತಂತ್ರಾಂಶ ಯೋಜನೆಯವರು ಇದನ್ನೇ ದೊಡ್ಡದಾಗಿ ಮಾಡುತ್ತಾರೆ. ಆರು ತಿಂಗಳಿಗೊಮ್ಮೆ ಬಿಡುಗಡೆ. ಅದಕ್ಕೆ ಕೆಲವು ವಾರ ಮುಂಚೆ ಮೂಲ ಸಾಲುಗಳಿಗೆ ಬೀಗ ಬೀಳುತ್ತದೆ. ಆಮೇಲೆ ಒಂದು ಸಾಲು ಬದಲಿಸಬೇಕಾದರೂ ಅನುವಾದ ವ್ಯವಸ್ಥೆ ನೋಡುವವರ ಒಪ್ಪಿಗೆ ಬೇಕು. ಯಾವ ಭಾಷೆಯ ಕೆಲಸ ಅನುವಾದದಲ್ಲಿದೆ, ಯಾವುದು ಪರಿಶೀಲನೆಯಲ್ಲಿದೆ ಎಂದು ಅವರ ಫಲಕ ಬೇರೆಬೇರೆಯಾಗಿ ತೋರಿಸುತ್ತದೆ. ಆ ಫಲಕಕ್ಕೆ ಅವರಿಟ್ಟ ಹೆಸರು ‘ಡ್ಯಾಮ್ಡ್ ಲೈಸ್’, ಎಂದರೆ ಹಸೀ ಸುಳ್ಳು. ಅಂಕಿ-ಅಂಶಗಳ ಮೇಲಿನ ಹಳೆಯ ಇಂಗ್ಲಿಷ್ ಚಾಟೂಕ್ತಿ ಅದು.

ಇನ್ನೊಂದು ಎಚ್ಚರ. ಆಂಡ್ರಾಯ್ಡಿನ `strings.xml` ಕಡತದಲ್ಲಿ ಈ ಸಂಶಯದ ಗುರುತೇ ಇಲ್ಲ. ಇಂಗ್ಲಿಷ್ ಬದಲಾದರೂ ಹಳೆಯ ಕನ್ನಡ ಸದ್ದಿಲ್ಲದೆ ಹಾಗೇ ಉಳಿಯುತ್ತದೆ. ಅಲ್ಲಿ ವಹಿ ಇಲ್ಲದೆ ತಪ್ಪು ಗೊತ್ತಾಗುವುದು ಕಷ್ಟ.

ಬಿಡುಗಡೆಯ ಹಿಂದಿನ ರಾತ್ರಿ ಒಂದು ಸಾಲು ಪಾಸಾಗದೆ ಉಳಿದರೆ? ಬರಿಯ ಸ್ವಾಗತದ ಮಾತಾದರೆ ಗುರುತು ಹಾಗೆಯೇ ಇರಲಿ, ಇಂಗ್ಲಿಷ್ ಕಾಣಲಿ. ಅರ್ಥವಾಗದ ಸಾಲನ್ನು ಜನ ಇನ್ನೊಬ್ಬರಲ್ಲಿ ಕೇಳಿಯಾರು. ಅರ್ಥವಾಗುವ ತಪ್ಪು ಸಾಲನ್ನು ನಂಬಿಬಿಡುತ್ತಾರೆ. ಆದರೆ ಹಣ, ಗಡುವು, ಔಷಧದ ಅಳತೆ ಇರುವ ಸಾಲಾದರೆ ಬಿಡುಗಡೆಯನ್ನೇ ಒಂದು ದಿನ ತಡೆಯಬೇಕು.

ನಿಮ್ಮ ಕೈಯಲ್ಲಿರುವ ಆ್ಯಪಿನಲ್ಲೂ ಇದನ್ನು ನೋಡಬಹುದು. ಭಾಷೆ ಬದಲಿಸಿ, ಅದೇ ಪುಟವನ್ನು ಮರಾಠಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಓದಿ. ಅಂಕಿಗಳು ಬೇರೆಯಾಗಿದ್ದರೆ ಎರಡರಲ್ಲಿ ಒಂದು ಹಳೆಯದು. ಎರಡೂ ಭಾಷೆ ಬಲ್ಲ ನಮಗೆ ಅದು ಐದು ನಿಮಿಷದ ಕೆಲಸ.