ವರ್ಗಪೂರ್ತಿ: ಬರಿದಾದ ಮೂಲೆಯ ಲೆಕ್ಕ

2x² + 12x − 14 = 0 ಎಂಬ ವರ್ಗಸಮೀಕರಣದಲ್ಲಿ x ಎರಡು ರೂಪಗಳಲ್ಲಿದೆ: ಒಂದು ಪದದಲ್ಲಿ ವರ್ಗವಾಗಿ, ಇನ್ನೊಂದರಲ್ಲಿ ಕೇವಲ x ಆಗಿ. ಆದುದರಿಂದ ನೇರವಾಗಿ ವರ್ಗಮೂಲ ತೆಗೆಯಲು ಬಾರದು. x ಒಂದೇ ಕಡೆ ಬರುವಂತೆ ಸಮೀಕರಣವನ್ನು ಮರುಜೋಡಿಸುವ ಕ್ರಮವೇ ವರ್ಗಪೂರ್ತಿ.

ಮೊದಲು 2ರಿಂದ ಭಾಗಿಸಿದರೆ x² + 6x = 7 ಎಂದಾಗುತ್ತದೆ. ಒಂದು ಚೌಕದ ಬಾಹು x ಆಗಿರಲಿ. 6x ಎಂಬುದನ್ನು 3 ಅಗಲದ ಎರಡು ಪಟ್ಟಿಗಳಾಗಿ ಸೀಳಿ, ಒಂದನ್ನು ಚೌಕದ ಬಲಕ್ಕೂ ಇನ್ನೊಂದನ್ನು ಕೆಳಕ್ಕೂ ಇಟ್ಟರೆ ದೊಡ್ಡ ಚೌಕವೊಂದು ಬಹುಪಾಲು ಸಿದ್ಧವಾಗುತ್ತದೆ. ಬರಿದಾಗಿ ಉಳಿಯುವುದು 3 × 3ರ ಮೂಲೆ ಮಾತ್ರ. ಆ 9ನ್ನು ಎರಡೂ ಕಡೆ ಕೂಡಿಸಿದಾಗ (x + 3)² = 16. ಆದ್ದರಿಂದ x + 3 = ±4; ಮೂಲಗಳು 1 ಮತ್ತು −7. ಚಿತ್ರದ ಬಾಹು ಋಣವಾಗಲಾರದ ಕಾರಣ ಅದು 1ನ್ನು ಮಾತ್ರ ತೋರಿಸುತ್ತದೆ. ಬೀಜಗಣಿತ ಎರಡನ್ನೂ ಕೊಡುತ್ತದೆ.

ಈ ಕ್ರಮ ಎಂದೂ ಸೋಲದಿರುವುದಕ್ಕೆ ಕಾರಣ ಸರಳ. (x + p)² ಅನ್ನು ಬಿಡಿಸಿದರೆ x² + 2px + p² ಬರುತ್ತದೆ. x ನ ಸಹಗುಣಕ ಯಾವ ಸಂಖ್ಯೆಯಾಗಿದ್ದರೂ ಅದರ ಅರ್ಧವನ್ನು p ಎಂದು ಆರಿಸಬಹುದು. ಬೇಕಾದ ಮೂಲೆ p². ಬೇಕಾದ ನಿಬಂಧನೆ a ಸೊನ್ನೆಯಾಗಿರಬಾರದು ಎಂಬುದೊಂದೇ.

ಸಾಮಾನ್ಯ ಸಮೀಕರಣ ax² + bx + c = 0 ಕ್ಕೆ ಶ್ರೀಧರಾಚಾರ್ಯನ ದಾರಿ ಭಿನ್ನರಾಶಿಗಳ ತೊಡಕನ್ನು ತಪ್ಪಿಸುತ್ತದೆ. ಅವನ ಬೀಜಗಣಿತ ಗ್ರಂಥ ಇಂದು ಉಳಿದಿಲ್ಲ. ಆದರೆ ಈ ಸೂತ್ರವನ್ನು 12ನೆಯ ಶತಮಾನದ ಭಾಸ್ಕರಾಚಾರ್ಯನು ತನ್ನ ‘ಬೀಜಗಣಿತ’ದಲ್ಲಿ ಉಲ್ಲೇಖಿಸಿದ್ದಾನೆ. ಎರಡೂ ಕಡೆ 4a ಯಿಂದ ಗುಣಿಸಿ b² ಕೂಡಿಸಬೇಕು:

4a²x² + 4abx + b² = b² − 4ac
(2ax + b)² = b² − 4ac
x = (−b ± √(b² − 4ac)) / 2a

ಎಡಭಾಗ ಪೂರ್ಣವರ್ಗವಾದುದರಿಂದ, b² − 4ac ಋಣವಾದರೆ ವಾಸ್ತವ ಮೂಲಗಳಿಲ್ಲ. ಸೊನ್ನೆಯಾದರೆ ಒಂದೇ ಮೂಲ. ಕ್ರಮ ಇಲ್ಲಿಯೂ ಸೋತಿಲ್ಲ. ಮೂಲವಿಲ್ಲವೆಂಬುದನ್ನೇ ಅದು ತಿಳಿಸಿದೆ.

y = 2x² + 12x − 14 ಎಂಬ ಪರವಲಯದ ಶೃಂಗವನ್ನು ಕಾಣಲೂ ಇದೇ ದಾರಿ. ಆದರೆ ಇಲ್ಲಿ ಒಂದೇ ಕಡೆಯಲ್ಲಿ ಕೂಡಿ ಕಳೆಯಬೇಕಾದುದರಿಂದ ವಿದ್ಯಾರ್ಥಿಗಳು ಎಡವುತ್ತಾರೆ. 2(x² + 6x + 9) ಎಂದು ಬರೆದಾಗ ಕೂಡಿದ್ದು 9 ಅಲ್ಲ, ಆವರಣದ ಹೊರಗಿನ 2 ಗುಣಿಸಿದ 18. ಹಾಗಾಗಿ 18ನ್ನೇ ಕಳೆಯಬೇಕು:

y = 2(x + 3)² − 32

ವರ್ಗ ಸೊನ್ನೆಗಿಂತ ಕಡಿಮೆಯಾಗಲಾರದು. ಆದ್ದರಿಂದ y ಯ ಕನಿಷ್ಠ ಬೆಲೆ −32, ಶೃಂಗ (−3, −32). ಬರೆದದ್ದು ಸರಿಯೇ ಎಂದು ನೋಡಲು x = 0 ಎಂದಿಟ್ಟರೆ ಸಾಕು: 18 − 32 = −14, ಮೂಲ ಸಮೀಕರಣದ ಸ್ಥಿರಪದವೇ. 9ನ್ನು ಮಾತ್ರ ಕಳೆದಿದ್ದರೆ −5 ಬಂದು ತಪ್ಪು ತಾನಾಗಿಯೇ ಹೊರಬೀಳುತ್ತಿತ್ತು.